ಕುರ್ಚಿ ಖಾಲಿ ಇದೆ

ಜನ ಮಾತಾಡುವಾಗ ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಹೇಗೆ ಹೊರಡಿಸುತ್ತದೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಹಾಸ್ಟೆಲಿನಲ್ಲಿ ಇದಕ್ಕೊಂದು ಉಪಯೋಗವಿದೆ. ಇಷ್ಟವಾದವರಿಗೆ ಮೆಸೇಜ್ ಕಳಿಸುವ ಮುಂಚೆ ಗೆಳತಿಯರು ಫೋನನ್ನು ನನ್ನ ಕೈಗಿಡುತ್ತಾರೆ: ‘ಕೊನೆಗೆ ಏನಾದ್ರೂ ಕೇಳ್ಲಾ, ಹೇಳಿ ಸುಮ್ನಾಗ್ಲಾ?’

ಒಬ್ಬಳು ಮೂರು ಸಾಲು ಬರೆದಿಟ್ಟುಕೊಂಡಿದ್ದಳು. ಲೈಬ್ರರಿಯಲ್ಲಿ ದಿನಾ ಎದುರಿಗೆ ಕೂರುವ ಹುಡುಗ ಎರಡು ದಿನ ಬಂದಿರಲಿಲ್ಲ.

ಮೊದಲನೆಯದು: ‘ನಿನ್ನ ನಗು ತುಂಬಾ ಚೆನ್ನಾಗಿದೆ.’ ಇದು ಹೊಗಳಿಕೆ. ಹೊಗಳಿಸಿಕೊಂಡವರ ಇಕ್ಕಟ್ಟನ್ನು ಅನಿತಾ ಪೊಮರಾಂಟ್ಸ್ 1978ರಲ್ಲೇ ವಿವರಿಸಿದ್ದಾರೆ. ಹೌದೆಂದರೆ ಜಂಬ, ಅಲ್ಲವೆಂದರೆ ಹೇಳಿದವರ ಮಾತನ್ನು ತಳ್ಳಿಹಾಕಿದಂತೆ. ಹಾಗಾಗಿ ‘ಹಹ, ಥ್ಯಾಂಕ್ಸ್’ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರಲ್ಲಿ ಬೇಸರವೇನೂ ಇರಬೇಕಿಲ್ಲ, ದಾರಿ ಇರುವುದಿಲ್ಲ ಅಷ್ಟೆ.

ಎರಡನೆಯದು: ‘ಎರಡು ದಿನ ಎಲ್ಲಿದ್ದೆ?’ ಪ್ರಶ್ನೆ ಒಂದು ಸಾಲದ ಹಾಗೆ, ತೀರಿಸದಿದ್ದರೆ ಎದ್ದು ಕಾಣುತ್ತದೆ. ಆದ್ದರಿಂದ ಉತ್ತರ ಬಹುಪಾಲು ಬರುತ್ತದೆ. ಆದರೆ ಕೇಳಿದ್ದಕ್ಕಷ್ಟೇ ಬರುತ್ತದೆ: ‘ಊರಲ್ಲಿ.’ ಅದು ಪ್ರೀತಿಯಿಂದ ಬಂತೋ ಮರ್ಯಾದೆಗೆ ಬಂತೋ ತಿಳಿಯುವುದಿಲ್ಲ.

ಮೂರನೆಯದು: ‘ಕಿಟಕಿ ಪಕ್ಕದ ಕುರ್ಚಿ ಎರಡು ದಿನದಿಂದ ಖಾಲಿ ಇದೆ.’ ಇದು ಹೇಳಿಕೆಯೇ, ಆದರೆ ಇದರ ಅರ್ಧ ಕಥೆ ಅವನೊಬ್ಬನಿಗೇ ಗೊತ್ತು. ತನಗೆ ಕಂಡಷ್ಟನ್ನು ಹೇಳಿ, ಒಳಗಿನದನ್ನು ಬಲ್ಲವರಿಗೆ ಜಾಗ ಬಿಡುವ ಇಂಥ ಮಾತನ್ನು ಪೊಮರಾಂಟ್ಸ್ 1980ರ ಲೇಖನದಲ್ಲಿ ಗಾಳ ಹಾಕುವುದಕ್ಕೆ ಹೋಲಿಸುತ್ತಾರೆ. ಕೇಳದೆಯೇ ಹೇಳಿಸುವ ಉಪಾಯ ಇದು.

ಅವಳು ಮೂರನೆಯದನ್ನೇ ಕಳಿಸಿದಳು. ರಾತ್ರಿ ಉತ್ತರ ಬಂತು: ‘ಅಕ್ಕನ ಮಗಳ ನಾಮಕರಣ, ಊರಿಗೆ ಹೋಗಿದ್ದೆ. ಕುರ್ಚಿಗೆ ನನ್ನ ನೆನಪಾಯ್ತಾ?’

ಯಾರೂ ಕೇಳದ ವಿವರ, ಅದರ ಹಿಂದೆ ಅವನದೇ ಒಂದು ಪ್ರಶ್ನೆ. ನಾನು ನೋಡುವುದು ಇವೆರಡನ್ನೇ. ‘ನೆನಪಾಯ್ತು’ ಎಂಬುದರ ತುದಿಯ ಸ್ವರ ಬದಲಿಸಿದರೆ ಸಾಕು, ಕನ್ನಡದಲ್ಲಿ ಹೇಳಿಕೆ ಪ್ರಶ್ನೆಯಾಗುತ್ತದೆ. ಆ ಒಂದು ‘ಆ’ ಹಾಕುವ ಸರದಿಯನ್ನು ಅವಳು ಅವನಿಗೆ ಬಿಟ್ಟಿದ್ದಳು, ಅವನು ಹಾಕಿದ.

ಹಾಕದೆಯೂ ಇರಬಹುದಿತ್ತು. ಹೇಳಿಕೆಗೆ ಸಾಲದ ಹಂಗಿಲ್ಲ. ಆಸಕ್ತಿಯಿಲ್ಲದವರು ‘ಇಲ್ಲ’ ಅನ್ನದೆಯೇ ಸುಮ್ಮನಿರಬಹುದು. ಒಂದು ಸಲದ ಮೌನಕ್ಕೆ ಪರೀಕ್ಷೆ, ಜ್ವರ, ನೆಟ್‌ವರ್ಕ್ ಏನೂ ಕಾರಣ ಇರಬಹುದು. ಎರಡನೇ ಸಲವೂ ಹಾಗೇ ಆದರೆ ಅದೇ ಉತ್ತರ. ಆಮೇಲೆ ‘ಯಾಕೆ ರಿಪ್ಲೈ ಇಲ್ಲ?’ ಎಂದು ಕೇಳಿದರೆ ಏನೋ ಒಂದು ಉತ್ತರ ಖಂಡಿತ ಬರುತ್ತದೆ. ಆದರೆ ಅದು ನಾವು ವಸೂಲಿ ಮಾಡಿಕೊಂಡದ್ದು.