ಕರಿಯನ ಸೆಂಟು

ನಮ್ಮ ಹಾಸ್ಟೆಲ್ ಗೇಟಿನ ವಾಚ್‌ಮನ್ ತಾತ ಕಣ್ಣಿನ ಆಪರೇಷನ್ನಿಗೆ ಊರಿಗೆ ಹೊರಟಾಗ ತಮ್ಮ ನಾಯಿ ಕರಿಯನನ್ನು ನಮ್ಮ ಕೈಗೆ ಒಪ್ಪಿಸಿ ಹೋದರು. "ಒಂದ್ ತಿಂಗ್ಳು ನೋಡ್ಕೊಳ್ರಪ್ಪಾ. ಹೊತ್ತಿಗೆ ಅನ್ನ ಹಾಕಿ, ಬೆಳಗ್ಗೆ ಒಂದ್ ಸುತ್ತು ತಿರುಗಿಸ್ಕೊಂಡ್ ಬನ್ನಿ, ಅಷ್ಟೇ" ಅಂದರು. ನಾವು ಮೂವರು ರೂಮ್‌ಮೇಟ್‌ಗಳು. ಇದೇನು ಮಹಾ ಕೆಲಸ ಅಂದುಕೊಂಡು ಹೂಂ ಅಂದುಬಿಟ್ಟೆವು.

ಮೂರನೇ ದಿನ ಬೆಳಗ್ಗೆ ಕೆರೆ ಕಡೆ ಹೋಗಿದ್ದಾಗ ದಾರಿ ಪಕ್ಕ ಒಂದು ಹೆಗ್ಗಣ ಸತ್ತು ಬಿದ್ದಿತ್ತು. ಕನಿಷ್ಠ ಎರಡು ದಿನ ಆಗಿರಬೇಕು. ನಾವು ಮೂಗು ಮುಚ್ಚಿಕೊಂಡೆವು, ಕರಿಯ ಮೂಗು ಅರಳಿಸಿದ. ಆಮೇಲೆ ಕೆನ್ನೆ ಕೊಟ್ಟ, ಕತ್ತು ಕೊಟ್ಟ, ಭುಜ ಕೊಟ್ಟ, ಕೊನೆಗೆ ನಾಲ್ಕೂ ಕಾಲು ಮೇಲೆ ಮಾಡಿ ಹೊರಳಾಡಿದ. ಎದ್ದು ಬಂದಾಗ ಮುಖದಲ್ಲಿ ಮದುವೆಮನೆ ಕಳೆ! ಸೀದಾ ಹಾಸ್ಟೆಲ್ ವರಾಂಡಕ್ಕೆ ಹೋಗಿ ಮಲಗಿದ. ಇಂಟರ್ನಲ್ಸ್‌ಗೆ ಓದುತ್ತಿದ್ದ ಇಡೀ ಗ್ರೌಂಡ್ ಫ್ಲೋರ್ ಎದ್ದು ಹೊರಗೆ ಬಂತು. ವಾರ್ಡನ್ ಸರ್ ಒಂದೇ ಮಾತು ಹೇಳಿದರು: "ಇನ್ನೊಂದ್ ಸಲ ಹೀಗಾದ್ರೆ ನಾಯಿ ಕ್ಯಾಂಪಸ್ಸಲ್ಲಿ ಇರಲ್ಲ."

ನಮ್ಮದೇ ನಿಂಬೆ ವಾಸನೆ ಶಾಂಪೂ ಹಾಕಿ ತೊಳೆದೆವು. ಮಾರನೇ ದಿನ ಅವನು ಹಸಿ ಸಗಣಿ ಮೇಲೆ ಹೊರಳಿದ. ಸ್ನಾನ ಮಾಡಿಸಿದ್ದಕ್ಕೆ ಸೇಡು ತೀರಿಸಿಕೊಳ್ತಿದ್ದಾನೆ ಅಂತಲೇ ನಂಬಿದೆವು. ಆದರೆ ಹೀಗೇ ಬಿಟ್ಟರೆ ತಾತ ವಾಪಸ್ ಬರುವಷ್ಟರಲ್ಲಿ ನಾಯಿಯೇ ಇರಲ್ಲ. ಇವನಿಗೆ ಇದರಿಂದ ಸಿಗೋದಾದರೂ ಏನು ಅಂತ ಹುಡುಕಲೇಬೇಕಾಯಿತು.

ಮೊದಲು ತುರಿಕೆ ಇರಬೇಕು ಅಂದುಕೊಂಡೆವು. ಆದರೆ ಗಮನಿಸಿ ನೋಡಿದರೆ ಎರಡೂ ಬೇರೆ ಬೇರೆ. ತುರಿಕೆಗೆ ಹೊರಳುವ ನಾಯಿ ಸಿಕ್ಕ ಹುಲ್ಲಿನ ಮೇಲೆ ಬೆನ್ನು ಹಾಕುತ್ತೆ. ವಾಸನೆಗೆ ಹೊರಳುವ ನಾಯಿ ಮೊದಲು ಚೆನ್ನಾಗಿ ಮೂಸುತ್ತೆ, ಆಮೇಲೆ ಕೆನ್ನೆ, ಕತ್ತು, ಭುಜವನ್ನು ಸರಿಯಾಗಿ ಆ ವಸ್ತುವಿನ ಮೇಲೇ ಒತ್ತುತ್ತೆ. ನಾವು ಸೆಂಟು ಹಚ್ಚಿಕೊಳ್ಳೋದೂ ಹೆಚ್ಚುಕಡಿಮೆ ಅಲ್ಲೇ.

ಎಲ್ಲರೂ ಹೇಳುವ ಎರಡನೇ ಕಾರಣ ಮರೆಮಾಚುವಿಕೆ. ನಾಯಿಯ ಪೂರ್ವಜರು ಬೇಟೆಗೆ ಹೋಗುವಾಗ ತಮ್ಮ ವಾಸನೆ ಜಿಂಕೆಗೆ ಗೊತ್ತಾಗಬಾರದು ಅಂತ ಸಗಣಿ ಹಚ್ಚಿಕೊಳ್ಳುತ್ತಿದ್ದವು ಅನ್ನುವ ಕಥೆ. ಕೇಳೋಕೆ ಚೆನ್ನಾಗಿದೆ, ಆದರೆ ತೋಳದ ಹತ್ತಿರ ಹೋದರೆ ಈ ಕಥೆ ನಿಲ್ಲಲ್ಲ. ತೋಳ ಹೆಚ್ಚಾಗಿ ಹೊಂಚು ಹಾಕಿ ಹಿಡಿಯುವ ಪ್ರಾಣಿಯಲ್ಲ, ಅಟ್ಟಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿ. ಇನ್ನೊಂದು ವಿಷಯ, ಸಾಕಿದ ತೋಳಗಳ ಮುಂದೆ ಬೇರೆ ಬೇರೆ ವಾಸನೆ ಇಟ್ಟು ನೋಡಿದ ಒಂದು ಅಧ್ಯಯನ 1986ರಲ್ಲಿ ಪ್ರಕಟವಾಗಿದೆ. ಮರೆಮಾಚೋದೇ ಉದ್ದೇಶವಾಗಿದ್ದರೆ ಅವು ಹುಲ್ಲು ತಿನ್ನುವ ಪ್ರಾಣಿಗಳ ವಾಸನೆಗೆ ಮುಗಿಬೀಳಬೇಕಿತ್ತು. ಆದರೆ ಅವು ಹೆಚ್ಚು ಮೈಯುಜ್ಜಿದ್ದು ಕರಡಿ, ಪ್ಯೂಮಾದಂಥ ಬೇರೆ ಮಾಂಸಾಹಾರಿಗಳ ವಾಸನೆಗೆ, ಅದಕ್ಕಿಂತ ತಮಾಷೆ ಅಂದರೆ ಪರ್ಫ್ಯೂಮು ಮತ್ತು ಮೋಟಾರ್ ಆಯಿಲ್‌ಗೆ. ಪರ್ಫ್ಯೂಮ್ ಹಚ್ಚಿಕೊಂಡ ತೋಳ ಯಾವ ಜಿಂಕೆಯಿಂದ ಬಚ್ಚಿಟ್ಟುಕೊಳ್ಳೋಕೆ ಆಗುತ್ತೆ? ಅಲ್ಲಿ ಕೆಲಸ ಮಾಡಿದ್ದು ವಾಸನೆಯ ಹೊಸತನ.

ನಾವೂ ಒಂದು ಪ್ರಯೋಗ ಮಾಡಿದೆವು. ಮೂರು ಗೋಣಿಚೀಲದ ತುಂಡು: ಒಂದು ಖಾಲಿ, ಒಂದಕ್ಕೆ ಒಣಮೀನು ಉಜ್ಜಿದ್ದು, ಇನ್ನೊಂದಕ್ಕೆ ನಮ್ಮ ಡಿಯೋಡ್ರೆಂಟ್ ಹೊಡೆದಿದ್ದು. ಮೊದಲ ದಿನ ಕರಿಯ ಖಾಲಿ ಚೀಲವನ್ನು ತಿರುಗಿಯೂ ನೋಡಲಿಲ್ಲ, ಉಳಿದ ಎರಡರ ಮೇಲೂ ಹೊರಳಿದ. ನಾಲ್ಕನೇ ದಿನದ ಹೊತ್ತಿಗೆ ಡಿಯೋ ಚೀಲ ಮೂಸಿ ಮುಂದೆ ಹೋಗಿಬಿಟ್ಟ. ಒಂದೇ ನಾಯಿ, ನಾಲ್ಕೇ ದಿನ, ಗಾಳಿ ದಿಕ್ಕು ಬೇರೆ ನೋಡಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಬರೆದರೆ ಮೇಡಂ ಸೈನ್ ಹಾಕಲ್ಲ. ಆದರೂ ಹಳೇದಾದ ವಾಸನೆ ಅವನಿಗೆ ಬೋರ್ ಆಯ್ತು ಅನ್ನೋದು ನಮ್ಮ ಕಣ್ಣೆದುರೇ ಕಂಡಿತು. ನಿಂಬೆ ಶಾಂಪೂ ಹಾಕಿ ತೊಳೆದು ನಾವು ಅವನನ್ನು "ಕ್ಲೀನ್" ಮಾಡಿದ್ದೆವು ಸರಿ, ಸಗಣಿ ಮಾತ್ರ ಸಗಣಿಯಾಗಿಯೇ ಉಳಿದಿತ್ತು.

ಸರಿ, ಹೊಸ ವಾಸನೆ ಮೈಗೆ ಹತ್ತಿತು. ಅದರಿಂದ ಲಾಭ ಏನು? ಉತ್ತರದ ಸುಳಿವು ಮೆಸ್ ಹಿಂದೆ ಸಿಕ್ಕಿತು. ಅಲ್ಲಿರುವ ಕಂದು ನಾಯಿಗೂ ಕರಿಯನಿಗೂ ಆಗಿಬರಲ್ಲ. ಒಣಮೀನಿನ ದಿನ ಮಾತ್ರ ಅದು ಗುರ್ ಅನ್ನದೆ ಬಂದು ಕರಿಯನ ಕತ್ತು, ಭುಜವನ್ನೇ ನಿಧಾನಕ್ಕೆ ಮೂಸಿತು. ಅಮೆರಿಕದ ಇಂಡಿಯಾನಾದಲ್ಲಿರುವ ವುಲ್ಫ್ ಪಾರ್ಕ್‌ನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿದ ಪ್ಯಾಟ್ ಗುಡ್‌ಮನ್ ಹೇಳೋದೂ ಇದೇ ದಿಕ್ಕಿನ ಮಾತು. ಹೊರಳಿ ಬಂದ ತೋಳವನ್ನು ಗುಂಪಿನ ಉಳಿದವು ಮೂಸಿ ನೋಡುತ್ತವೆ, ಅಂದರೆ ಅದು ತನಗೆ ಸಿಕ್ಕಿದ್ದರ ಸುದ್ದಿಯನ್ನು ಮೈಮೇಲೆ ಹೊತ್ತು ತಂದಿರುತ್ತೆ.

ನಾಯಿಯ ಕುಟುಂಬವಲ್ಲದ ಕತ್ತೆಕಿರುಬಗಳಲ್ಲೂ ಇದನ್ನು ನೋಡಿದ್ದಾರೆ. ಕ್ರಿಸ್ಟೀನ್ ಡ್ರೀ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸತ್ತ ಪ್ರಾಣಿಯ ವಾಸನೆ ಹೊತ್ತ ಕತ್ತೆಕಿರುಬಕ್ಕೆ ಜೊತೆಯವುಗಳಿಂದ ಒಳ್ಳೆ ಉಪಚಾರ ಸಿಕ್ಕಿತು. ಅದಕ್ಕೇ ಕರ್ಪೂರ ಹಚ್ಚಿದಾಗ ಆ ಮರ್ಯಾದೆ ಸಿಗಲಿಲ್ಲ. ನಮಗೆ ದೇವರಮನೆ ನೆನಪಿಸುವ ಕರ್ಪೂರ, ಕತ್ತೆಕಿರುಬದ ಮನೆಯಲ್ಲಿ ನಡೆಯಲ್ಲ! ಇದೊಂದೇ ಕಾರಣ ಅಂತ ಯಾರೂ ತೀರ್ಪು ಕೊಟ್ಟಿಲ್ಲ. ಕ್ಯಾಲಿಫೋರ್ನಿಯಾದ ಬೂದು ನರಿಗಳು ಪ್ಯೂಮಾ ಗುರುತು ಬಿಟ್ಟ ಜಾಗಕ್ಕೆ ಕೆನ್ನೆ ಉಜ್ಜೋದು ಕ್ಯಾಮೆರಾದಲ್ಲಿ ಸಿಕ್ಕಿದೆ. ಅಲ್ಲಿ ಪ್ಯೂಮಾದ ವಾಸನೆ ಹೊತ್ತರೆ ಕೊಯೋಟಿಗಳು ಹತ್ತಿರ ಬರಲ್ಲವೇನೋ ಅನ್ನುವುದು ಸಂಶೋಧಕರ ಊಹೆ. ಪ್ರಾಣಿ ಬದಲಾದರೆ ಲಾಭವೂ ಬದಲಾಗಬಹುದು. ಹೊತ್ತಿಗೆ ಅನ್ನ ಸಿಗುವ ಕರಿಯನಿಗೆ ಯಾವ ಲಾಭವೂ ಬೇಕಿಲ್ಲ, ಅಭ್ಯಾಸ ಮಾತ್ರ ಉಳಿದಿದೆ.

ಅಂದಮೇಲೆ ಇದು ಸೇಡಲ್ಲ, ಹಟ ಅಲ್ಲ, ಬೈದು ಪ್ರಯೋಜನ ಇಲ್ಲ. ಹಿಡಿಯಬೇಕಾದ ಕ್ಷಣ ಯಾವುದು ಅನ್ನೋದಷ್ಟೇ ಮುಖ್ಯ. ಕರಿಯ ನಡಿಗೆ ನಿಲ್ಲಿಸಿ ಒಂದೇ ಜಾಗವನ್ನು ಉದ್ದಕ್ಕೆ ಮೂಸುತ್ತಾನೆ, ಆಮೇಲೆ ಕತ್ತು ಓರೆ ಮಾಡಿ ಒಂದು ಭುಜ ಇಳಿಸುತ್ತಾನೆ. ಮೂಸುವುದಕ್ಕೂ ಭುಜ ಇಳಿಸುವುದಕ್ಕೂ ನಡುವೆ ಎರಡು ಮೂರು ಸೆಕೆಂಡ್ ಇರುತ್ತೆ. ಅಷ್ಟರಲ್ಲಿ ಖುಷಿಯ ದನಿಯಲ್ಲಿ ಕರೆದು ಆಚೆ ಕಡೆ ಓಡಿದರೆ ಬರುತ್ತಾನೆ, ಬಂದರೆ ಬೇಯಿಸಿದ ಮೊಟ್ಟೆ ಚೂರು. ಭುಜ ನೆಲಕ್ಕೆ ತಾಗಿದ ಮೇಲೆ ಹಗ್ಗ ಎಳೆದರೆ ಹಗ್ಗಕ್ಕೂ ವಾಸನೆ, ಅಷ್ಟೇ.

ಎರಡು ಸಲ ತಪ್ಪಿತು. ಆಗ ಮೊದಲು ನೀರು ಹಾಕದೆ ಹಳೇ ಪೇಪರಿನಿಂದ ಒರೆಸಿದೆವು, ಜಿಡ್ಡು ಹರಡಬಾರದಲ್ಲ. ಆಮೇಲೆ ನಾಯಿಯ ಶಾಂಪೂ, ವಾಸನೆ ಇಲ್ಲದ್ದು, ಆ ಜಾಗಕ್ಕೆ ಉಜ್ಜಿ ಐದು ನಿಮಿಷ ಬಿಟ್ಟು ತೊಳೆದೆವು. ಮೊದಲ ಸಲ ಬರಿಗೈಲಿ ತೊಳೆದಿದ್ದು ದೊಡ್ಡ ತಪ್ಪು. ನಮ್ಮಲ್ಲೊಬ್ಬನ ಬೆರಳಿಗೆ ವರ್ಕ್‌ಶಾಪಿನಲ್ಲಿ ಗಾಯವಾಗಿತ್ತು. ಇಲಿ, ಹೆಗ್ಗಣದ ಮೂತ್ರದಿಂದ ಇಲಿಜ್ವರ ಗಾಯದ ಮೂಲಕವೇ ಒಳಗೆ ಹೋಗಬಹುದು ಅಂತ ಆಮೇಲೆ ಗೊತ್ತಾಗಿ ಅವನು ಎರಡು ವಾರ ಜ್ವರ ಬರುತ್ತಾ ಅಂತ ಹಣೆ ಮುಟ್ಟಿಕೊಂಡು ಕೂತಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ. ಗ್ಲೌಸ್ ಹಾಕಿಕೊಳ್ಳಿ.

ವಾರ್ಡನ್ ಸರ್ ಮತ್ತೆ ಬರುವ ಪ್ರಸಂಗ ಬರಲಿಲ್ಲ. ತಿಂಗಳು ಕಳೆದ ಮೇಲೆ ತಾತ ಕಪ್ಪು ಕನ್ನಡಕ ಹಾಕಿಕೊಂಡು ಗೇಟಿಗೆ ಬಂದರು. ಕರಿಯ ಕುಣಿದಾಡಿದ, ಕೈ ನೆಕ್ಕಿದ. ಆಮೇಲೆ ಆಸ್ಪತ್ರೆಗೆ ಹೋಗಿ ಬಂದಿದ್ದ ಅವರ ಚೀಲವನ್ನು ಉದ್ದಕ್ಕೆ ಮೂಸಿ, ಕತ್ತು ಓರೆ ಮಾಡಿ, ಭುಜ ಇಳಿಸಿದ.

"ಏನ್ರಪ್ಪಾ ಇದು, ಇವ್ನಿಗೇನಾಯ್ತು?" ಅಂದರು ತಾತ.

ನಾವು ಮೊಟ್ಟೆ ತೆಗೆಯಲಿಲ್ಲ. "ನಿಮ್ ಸುದ್ದಿ ತಗೊಳ್ತಾ ಇದಾನೆ, ಬಿಡಿ ತಾತ" ಅಂದೆವು.