‘ತಿಳಿಸುತ್ತೇವೆ’ ಎಂದು ಹೋದವರು

ನಮ್ಮ ಶಿವನಸಮುದ್ರದ ಸುತ್ತಿನ ಊರುಗಳಲ್ಲಿ ಹೆಣ್ಣು ನೋಡಲು ಬಂದವರು ‘ತಿಳಿಸುತ್ತೇವೆ’ ಎಂದು ಹೇಳಿ ಏಳುವುದು ಹಿಂದಿನಿಂದ ಬಂದ ರೂಢಿ. ಆ ಮಾತಿಗೆ ಹಿಂದೆ ಒಂದು ಅವಧಿಯಿತ್ತು. ಎಂಟು ಹತ್ತು ದಿನಗಳಲ್ಲಿ ಮಧ್ಯಸ್ಥರು ಬರುತ್ತಿದ್ದರು. ಒಪ್ಪಿಗೆಯಿಲ್ಲದಿದ್ದರೆ ‘ಈ ವರ್ಷ ಮದುವೆಯ ಯೋಚನೆ ಇಲ್ಲವಂತೆ’ ಎಂದೋ, ‘ಸೋದರಮಾವನ ಮಗಳನ್ನೇ ತರುತ್ತಾರಂತೆ’ ಎಂದೋ ಹೇಳಿ, ಕಾಫಿ ಕುಡಿದು ಹೊರಡುತ್ತಿದ್ದರು. ಕಾರಣ ನಿಜವೋ ಸುಳ್ಳೋ, ವಿಷಯ ಮುಗಿಯಿತೆಂಬುದು ಮನೆಯವರಿಗೆ ತಿಳಿಯುತ್ತಿತ್ತು. ‘ಇಲ್ಲ’ ಎಂಬ ಮಾತನ್ನು ಹೊತ್ತು ತರಲು ಒಬ್ಬ ಮನುಷ್ಯನಿದ್ದನು.

ಈಗ ಗಂಡು ಹೆಣ್ಣು ಮೊದಲ ದಿನವೇ ಮೊಬೈಲ್ ನಂಬರು ಪಡೆದು ನೇರವಾಗಿ ಮಾತನಾಡುತ್ತಾರೆ. ಅದು ಒಳ್ಳೆಯದೇ, ಮುಖವನ್ನೇ ನೋಡದೆ ತಾಳಿ ಕಟ್ಟಿದ ಕಾಲ ಮರಳಿ ಬರಲೆಂದು ನಾವು ಬಯಸುವುದಿಲ್ಲ. ಆದರೆ ಮಧ್ಯಸ್ಥರು ಸರಿದ ಮೇಲೆ ‘ಇಲ್ಲ’ ಎನ್ನುವ ಕೆಲಸ ಯಾರ ಪಾಲಿಗೂ ಬಾರದೆ ಉಳಿಯಿತು. ಏನೂ ಹೇಳದೆ ಮಾಯವಾಗುವುದನ್ನು ನಗರದ ಮಕ್ಕಳು ‘ಘೋಸ್ಟಿಂಗ್’ ಎನ್ನುತ್ತಾರೆ, ದೆವ್ವದಂತೆ ಕಣ್ಮರೆಯಾಗುವುದು ಎಂಬ ಅರ್ಥದಲ್ಲಿ. ಪೂರ್ತಿ ಹೋಗದೆ ಆಗೊಂದು ಈಗೊಂದು ಮಾತು ಬಿಸಾಡುತ್ತಿರುವುದು ‘ಬ್ರೆಡ್‌ಕ್ರಂಬಿಂಗ್’; ಹಕ್ಕಿಗೆ ರೊಟ್ಟಿಯ ಚೂರು ಎಸೆದಂತೆ.

ಮಳವಳ್ಳಿ ಕಡೆಯ ನಮ್ಮ ಬಂಧುಗಳ ಮಗಳೊಬ್ಬಳ ವಿಷಯದಲ್ಲಿ ಇದನ್ನು ಹತ್ತಿರದಿಂದ ಕಂಡೆವು. ಹುಡುಗ ಬೆಂಗಳೂರಿನಲ್ಲಿ ಉದ್ಯೋಗಿ. ಎರಡೂ ಮನೆಯವರು ಕಲೆತು ಮಾತನಾಡಿದ ಮೇಲೆ ಮೂರು ವಾರ ಪ್ರತಿರಾತ್ರಿ ಫೋನು ಬರುತ್ತಿತ್ತು. ನಾಲ್ಕನೆಯ ವಾರದಿಂದ ‘ಕೆಲಸದ ಒತ್ತಡ’ ಎಂಬ ಒಂದು ಸಾಲು ಮಾತ್ರ. ಬಳಿಕ ಹತ್ತು ದಿನ ಮೌನ. ಇವಳು ಆಸೆ ಬಿಡುವಷ್ಟರಲ್ಲಿ ಒಂದು ಬೆಳಗ್ಗೆ ತಾವರೆ ಹೂವಿನ ಚಿತ್ರದೊಡನೆ ಶುಭೋದಯ! ಮತ್ತೆ ಮೌನ, ಹುಟ್ಟುಹಬ್ಬಕ್ಕೊಂದು ಹಾರೈಕೆ. ಕಡೆಗೆ ಇವಳು ಕಳುಹಿಸಿದ ಮಾತಿನ ಪಕ್ಕದಲ್ಲಿ ಒಂದೇ ಗುರುತು ನಿಂತಿತು. ಫೋನು ಆರಿಸಿದ್ದರೂ ಒಂದೇ ಗುರುತು, ನಂಬರನ್ನು ತಡೆದಿದ್ದರೂ ಒಂದೇ ಗುರುತು. ಯಾವುದೆಂದು ತಿಳಿಯಲು ಅವಳು ರಾತ್ರಿ ಎರಡು ಗಂಟೆಗೂ ಎದ್ದು ನೋಡುತ್ತಿದ್ದಳೆಂದು ಅವಳ ತಾಯಿ ಕಣ್ಣೀರಿಟ್ಟರು. ಆ ಏಳು ತಿಂಗಳಲ್ಲಿ ಬಂದ ಎರಡು ಸಂಬಂಧಗಳಿಗೆ ತಂದೆಯವರು ‘ಒಂದು ಕಡೆ ಮಾತು ನಡೆದಿದೆ’ ಎಂದು ಉತ್ತರಿಸಿ ಕಳುಹಿಸಿದ್ದರು.

ಪೂರ್ತಿ ಮೌನಕ್ಕಿಂತ ಆ ತಾವರೆ ಹೂವೇ ಹೆಚ್ಚು ಕೆಡುಕು ಮಾಡಿತೆಂಬುದು ನಮ್ಮ ಎಣಿಕೆ. ಅಮೆರಿಕದ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಪ್ರಯೋಗಗಳಿವೆ. ಕುಕ್ಕಿದಾಗಲೆಲ್ಲ ಕಾಳು ಪಡೆದ ಪಾರಿವಾಳ, ಕಾಳು ನಿಂತೊಡನೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ ಮಾತ್ರ ಪಡೆದದ್ದು, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಪಾಲಿನ್ ಬಾಸ್ ಎಂಬ ವಿದುಷಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಮನೆಗಳನ್ನು ಅಧ್ಯಯನ ಮಾಡಿ, ಇದ್ದಾನೋ ಇಲ್ಲವೋ ತಿಳಿಯದ ದುಃಖಕ್ಕೆ ‘ಅಸ್ಪಷ್ಟ ನಷ್ಟ’ ಎಂಬರ್ಥದ ಹೆಸರಿಟ್ಟರು. ಸತ್ತವರಿಗಾದರೆ ಅತ್ತು ಮುಗಿಸಬಹುದು. ಇಲ್ಲಿ ಅಳುವುದಕ್ಕೂ ದಿನ ಗೊತ್ತಾಗುವುದಿಲ್ಲ. ಕಾಣೆಯಾದ ಯೋಧನಿಗೂ ಉತ್ತರಿಸದ ವರನಿಗೂ ಹೋಲಿಕೆ ಅತಿಯಾಯಿತೆನ್ನಬಹುದು; ಕಾಯುವ ರೀತಿ ಮಾತ್ರ ಒಂದೇ.

ಹೀಗೆ ಮಾಡುವವರೆಲ್ಲ ಕ್ರೂರಿಗಳೇನಲ್ಲ. ‘ನೇರವಾಗಿ ಹೇಳಿದರೆ ನೊಂದುಕೊಳ್ಳುತ್ತಾರೆ’ ಎಂಬ ದಾಕ್ಷಿಣ್ಯ ಕೆಲವರದು. ಇನ್ನೂ ಉತ್ತಮವಾದದ್ದು ಸಿಗದಿದ್ದರೆ ಇದಿರಲಿ ಎಂಬ ಲೆಕ್ಕ ಮತ್ತೆ ಕೆಲವರದು. ತಾವರೆ ಹೂವುಗಳು ಹೆಚ್ಚಾಗಿ ಇವರಿಂದಲೇ ಬರುತ್ತವೆ. ಗಂಡಿನವರು ಮಾತ್ರ ಹೀಗೆಂದಲ್ಲ. 2023ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ಅವಿವಾಹಿತ ಯುವಕರು ಕನ್ಯೆ ದೊರೆಯಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯದ ಮನೆಯ ಗಂಡಿಗೆ ‘ತಿಳಿಸುತ್ತೇವೆ’ ಎಂದು ಫೋನು ಎತ್ತದ ಹೆಣ್ಣಿನ ಮನೆಗಳನ್ನೂ ನಾವು ಬಲ್ಲೆವು.

ಚೂರನ್ನು ಗುರುತಿಸುವುದು ಕಷ್ಟವಲ್ಲ: ಅದರಲ್ಲಿ ಪ್ರಶ್ನೆಯಿರುವುದಿಲ್ಲ, ದಿನಾಂಕವಿರುವುದಿಲ್ಲ. ಆ ಮಗುವಿಗೆ ನಾವು ಬೇರೊಂದು ನಂಬರಿನಿಂದ ಹೀಗೆ ಬರೆಯಲು ಹೇಳಿದೆವು: ‘ಬರುವ ಭಾನುವಾರದೊಳಗೆ ನಿಮ್ಮ ನಿರ್ಧಾರ ತಿಳಿಸಿರಿ, ಉತ್ತರ ಬಾರದಿದ್ದರೆ ಇಲ್ಲವೆಂದೇ ತಿಳಿಯುತ್ತೇನೆ.’ ಭಾನುವಾರ ಕಳೆಯಿತು. ಸೋಮವಾರ ತಂದೆಯವರು ಹಿಂದೆ ಕಳುಹಿಸಿದ್ದ ಮನೆಯೊಂದಕ್ಕೆ ಫೋನು ಮಾಡಿದರು. ಆ ಹುಡುಗನಿಗೆ ಮದುವೆ ಗೊತ್ತಾಗಿತ್ತು. ಮಗಳು ಮಾತ್ರ ಆ ವಾರ ನಿದ್ದೆ ಮಾಡಿದಳು. ಒಂದು ಮಾತು ಬಿಡುವಂತಿಲ್ಲ: ಬೆದರಿಸುವವನಿಂದ, ಬೆನ್ನು ಹತ್ತುವವನಿಂದ ಹೇಳದೆ ದೂರವಾಗುವುದರಲ್ಲಿ ತಪ್ಪಿಲ್ಲ, ಅಂಥವನಿಗೆ ವಿವರಣೆ ಕೊಡಬೇಕಾಗಿಯೂ ಇಲ್ಲ.

ಅಂದಿನಿಂದ ಯಾರಾದರೂ ಸಂಬಂಧ ಸೂಚಿಸಿರೆಂದು ಕೇಳಿದರೆ, ಒಪ್ಪಿಗೆಯಾಗದಿದ್ದಲ್ಲಿ ಯಾರು ಫೋನು ಮಾಡುವಿರಿ, ಎಂದಿನೊಳಗೆ ಮಾಡುವಿರಿ ಎಂದು ಮೊದಲೇ ಕೇಳಿಕೊಳ್ಳುತ್ತೇವೆ. ಹೆಚ್ಚಿನವರು ನಕ್ಕು ಒಪ್ಪುತ್ತಾರೆ. ಎರಡು ಮನೆಯವರು ಮಾತ್ರ, ‘ಶುಭಕಾರ್ಯದ ಆರಂಭದಲ್ಲೇ ಇಲ್ಲ ಎನ್ನುವ ಮಾತೇಕೆ ಆಡುತ್ತೀರಿ?’ ಎಂದು ಮುನಿಸಿಕೊಂಡು ಎದ್ದುಹೋದರು.