ಚಿಕ್ಕಮ್ಮನ ಹಲಸಿನ ಗಿಡ ಮತ್ತು ಮೂರು ಫೋಟೊ

ನಮ್ಮ ಬಳಗದ ಒಬ್ಬರ ಚಿಕ್ಕಮ್ಮನ ಮನೆ ಬಂಟ್ವಾಳ ತಾಲೂಕಿನ ವಿಟ್ಲದ ಹತ್ತಿರ. ಮೂರು ವರ್ಷದ ಹಿಂದೆ ಅವರು ಮನೆ ಹಿಂದಿನ ಗುಡ್ಡೆಯಲ್ಲಿ ನಾಲ್ಕು ಕಸಿ ಹಲಸಿನ ಗಿಡ ನೆಟ್ಟಿದ್ದರು. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಸಾಕಿದ್ದರು. ಕಳೆದ ವರ್ಷ ನಾವು ಹೋದಾಗ ಒಂದು ಗಿಡ ಆಳೆತ್ತರ ಬೆಳೆದು ಸೊಂಪಾಗಿತ್ತು. "ಇದೇ ನೋಡಿ ಎಲ್ಲದಕ್ಕಿಂತ ಜೋರು ಬಂದದ್ದು" ಎಂದು ಅವರು ಅದನ್ನೇ ಮೊದಲು ತೋರಿಸಿದರು.

ಅದರ ಬುಡ ನೋಡಿದಾಗ ನಮಗೆ ಮಾತೇ ಹೊರಡಲಿಲ್ಲ. ನೆಲದಿಂದ ಗೇಣು ಎತ್ತರದಲ್ಲಿ ಒಂದು ಒಣಗಿದ ಮೋಟು ಇತ್ತು, ಅದರ ಸುತ್ತ ಪ್ಲಾಸ್ಟಿಕ್ ಪಟ್ಟಿ ಇನ್ನೂ ಹಾಗೇ ಇತ್ತು. ಕಸಿ ಕಟ್ಟಿದ ಕಡ್ಡಿ ಯಾವಾಗಲೋ ಸತ್ತುಹೋಗಿತ್ತು. ಅದರ ಕೆಳಗಿನಿಂದ, ಅಂದರೆ ಬೀಜದಿಂದ ಎಬ್ಬಿಸಿದ ಬುಡದ ಗಿಡದಿಂದ ಹೊರಟ ಚಿಗುರೇ ಈಗ ಮರವಾಗುತ್ತಿತ್ತು. ಚಿಕ್ಕಮ್ಮ ಕಸಿ ಗಿಡದ ದುಡ್ಡು ಕೊಟ್ಟು ಮೂರು ವರ್ಷ ಸಾಕಿದ್ದು ಕಾಟು ಹಲಸನ್ನು. ಒಳ್ಳೆಯ ಕಸಿ ಗಿಡವಾದರೆ ಮೂರು ನಾಲ್ಕು ವರ್ಷಕ್ಕೆ ಕಾಯಿ ಬಿಡಲು ಸುರುವಾಗುತ್ತದೆ. ಬೀಜದ ಗಿಡಕ್ಕೆ ಅದರ ಎರಡರಷ್ಟು ಕಾಲ ಬೇಕು. ಆಮೇಲೂ ಹಣ್ಣು ಹೇಗಿರುತ್ತದೆ ಎಂದು ಯಾರೂ ಹೇಳಲಾರರು.

ಈ ವರ್ಷ ಅವರಿಗೆ ಹತ್ತು ಗಿಡ ತೆಗೆಸಿಕೊಡುವ ಕೆಲಸ ನಮ್ಮ ತಲೆಗೆ ಬಂತು. ಬೆಳ್ತಂಗಡಿ ಕಡೆಯ ಎರಡು, ಮೂಡುಬಿದಿರೆ ಕಡೆಯ ಒಂದು ನರ್ಸರಿಗೆ ಫೋನ್ ಮಾಡಿದೆವು. ಮೂರೂ ಕಡೆಯಿಂದ ವಾಟ್ಸಾಪಿನಲ್ಲಿ ಬಂದದ್ದು ಒಂದೇ ತರದ ಫೋಟೊ. ದೂರದಿಂದ ತೆಗೆದದ್ದು, ಹಸಿರು ಎಲೆ ಮಾತ್ರ ಕಾಣುವಂಥದ್ದು. ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಮತ್ತೆ ಮೂರು ಫೋಟೊ ಕೇಳಿದೆವು: ಕಸಿ ಕಟ್ಟಿದ ಜಾಗ, ಎಲೆಯ ಎರಡೂ ಬದಿ, ತೊಟ್ಟೆ ಬಿಡಿಸಿದ ಬೇರು.

ಮೊದಲು ಕಸಿ ಜಾಗ. ಹಲಸಿಗೆ ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಎಳೆ ಕಾಂಡದ ಕಸಿ. ಬುಡದ ಗಿಡದ ತುದಿ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಚೂಪು ಮಾಡಿದ ಕಡ್ಡಿಯನ್ನು ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಎರಡೂ ಹೊಂದಿಕೊಂಡಿದ್ದರೆ ಆ ಜಾಗದಲ್ಲಿ ಸೀಳಿನ ಗುರುತು ಉಬ್ಬಿ ಮುಚ್ಚಿರುತ್ತದೆ, ಮೇಲಿನ ಕೆಳಗಿನ ಕಾಂಡ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತದೆ. ಕಪ್ಪು ಬಿರುಕು ಅಥವಾ ಒಣಗಿದ ಅಂಚು ಕಂಡರೆ ಒಳಗೆ ಸರಿಯಾಗಿ ಕೂಡಿಲ್ಲ ಎಂದರ್ಥ. ಮೊದಲ ನರ್ಸರಿಯ ಗಿಡದಲ್ಲಿ ಪಟ್ಟಿ ಬಿಚ್ಚಿರಲೇ ಇಲ್ಲ. ಪಟ್ಟಿಯ ಮೇಲ್ಗಡೆ ಕಾಂಡ ಊದಿಕೊಂಡು, ಪಟ್ಟಿ ಇದ್ದಲ್ಲಿ ಸೊಂಟ ಬಿಗಿದ ಹಾಗೆ ಕಾಣುತ್ತಿತ್ತು. ಅಂಥ ಗಿಡ ಮುಂದೆ ಗಾಳಿಗೆ ಅಲ್ಲೇ ಮುರಿಯಬಹುದು.

ಇಲ್ಲಿ ನಾವೂ ಮೋಸ ಹೋಗುವ ಒಂದು ವಿಷಯವಿದೆ. ಕಸಿ ಕಡ್ಡಿಯಲ್ಲಿ ಮೊದಲೇ ಸ್ವಲ್ಪ ಆಹಾರ ಇರುತ್ತದೆ. ಬುಡದ ಜೊತೆ ಪೂರ್ತಿ ಕೂಡುವ ಮೊದಲೇ ಅದು ಚಿಗುರಬಲ್ಲದು. ಹಾಗಾಗಿ ಒಂದು ಜೊತೆ ಎಳೆ ಎಲೆ ನೋಡಿ ಕಸಿ ಹಿಡಿದಿದೆ ಎನ್ನಲಾಗದು. ಕಸಿಯ ಮೇಲೆ ಎರಡು ಸಲ ಚಿಗುರಿ, ಮೊದಲ ಸಲದ ಎಲೆ ಬಲಿತು ಗಟ್ಟಿಯಾಗಿರಬೇಕು.

ಎರಡನೆಯದು ಎಲೆ. ಹಲಸಿನಲ್ಲಿ ಎಲೆಯೇ ಒಂದು ಸಾಕ್ಷಿ. ಬೀಜದಿಂದ ಹುಟ್ಟಿದ ಎಳೆ ಹಲಸಿನ ಗಿಡ ನೋಡಿದ್ದೀರಲ್ಲ, ಅದರ ಎಲೆಗಳಲ್ಲಿ ಎರಡು ಮೂರು ಸೀಳು ಇರುತ್ತದೆ. ಕಾಯಿ ಬಿಡುವ ಮರದ ಎಲೆ ಸೀಳಿಲ್ಲದೆ ಉರುಟಾಗಿರುತ್ತದೆ. ಕಸಿ ಕಡ್ಡಿ ತರುವುದು ಕಾಯಿ ಬಿಡುವ ಮರದಿಂದ. ಹಾಗಾಗಿ ಕಸಿ ಹಿಡಿದ ಗಿಡದ ಮೇಲಿನ ಎಲೆ ಹೆಚ್ಚಾಗಿ ಇಡಿಯಾಗಿಯೇ ಇರುತ್ತದೆ. ಎಲ್ಲ ಎಲೆಯೂ ಸೀಳಿದ್ದರೆ ಅದು ಎಲ್ಲಿಂದ ಹೊರಟಿದೆ ಎಂದು ಬುಡದವರೆಗೆ ಕಣ್ಣು ಹಾಯಿಸಿ. ಚಿಕ್ಕಮ್ಮನ ಆ ಜೋರು ಗಿಡದ ಎಲೆಗಳು ನೆಟ್ಟ ಹೊಸತರಲ್ಲೇ ಸೀಳಿದ್ದವಂತೆ. "ಜಾತಿಯೇ ಹಾಗೆ ಅಂತ ನಾನು ಎಣಿಸಿದ್ದು" ಎಂದರು ಅವರು.

ಆರೋಗ್ಯವೂ ಎಲೆಯಲ್ಲೇ ಕಾಣುತ್ತದೆ. ಎರಡನೇ ನರ್ಸರಿಯ ಫೋಟೊದಲ್ಲಿ ತುದಿಯ ಎಲೆ ಹಸಿರಿತ್ತು, ಕೆಳಗಿನ ಹಳೆಯ ಎಲೆಗಳು ಹಳದಿಯಾಗಿದ್ದವು, ಕೆಲವು ಉದುರಿದ್ದವು. ಗಿಡ ಹಳೆಯ ಎಲೆಯ ಸಾರ ಹೀರಿ ಹೊಸ ಎಲೆಗೆ ಕೊಡುತ್ತಿದೆ ಎಂದರೆ ಸಣ್ಣ ತೊಟ್ಟೆಯ ಮಣ್ಣಿನಲ್ಲಿ ಇನ್ನು ಸತ್ವ ಉಳಿದಿಲ್ಲ, ಗಿಡ ಅಲ್ಲೇ ಬಹಳ ಕಾಲ ನಿಂತಿದೆ ಎಂಬ ಸಂಶಯ ಬರಬೇಕು. ಆ ಸಂಶಯ ಹೌದೋ ಅಲ್ಲವೋ ಎನ್ನುವುದನ್ನು ಬೇರು ಹೇಳುತ್ತದೆ.

ಬೇರಿನ ಫೋಟೊ ಕೇಳಿದಾಗ ಆ ನರ್ಸರಿಯವರಿಗೆ ಸ್ವಲ್ಪ ಸಿಟ್ಟು ಬಂತು. "ತೊಟ್ಟೆ ಹರಿದರೆ ಗಿಡ ಯಾರಿಗೆ ಕೊಡುವುದು ಮಾರಾಯ್ರೇ?" ಎಂದರು. ಅವರು ಹೇಳುವುದರಲ್ಲಿ ತಪ್ಪಿಲ್ಲ. "ಅಣ್ಣಾ, ಒಂದೇ ಒಂದು ಗಿಡದ್ದು ಬಿಡಿಸಿ, ಅದರ ದುಡ್ಡು ನಾವು ಕೊಡ್ತೇವೆ" ಎಂದ ಮೇಲೆ ಒಪ್ಪಿದರು. ತೊಟ್ಟೆ ಜಾರಿಸಿದಾಗ ಅಡಿಯಲ್ಲಿ ತಾಯಿಬೇರು ಹಗ್ಗದ ಸಿಂಬಿಯಂತೆ ಎರಡು ಸುತ್ತು ಸುತ್ತಿಕೊಂಡಿತ್ತು. ಗುಂಡಿಗೆ ಇಟ್ಟ ಮೇಲೂ ಆ ಸುತ್ತು ಬಿಡಿಸಿಕೊಳ್ಳುವುದಿಲ್ಲ. ಬೇರು ಆಳಕ್ಕೆ ಇಳಿಯದೆ ಅಲ್ಲೇ ದಪ್ಪವಾಗುತ್ತದೆ. ಗಿಡ ಒಂದೆರಡು ವರ್ಷ ಚೆನ್ನಾಗಿಯೇ ಕಂಡು, ಆಮೇಲೆ ಬೇಸಿಗೆಯಲ್ಲಿ ಸೊರಗುತ್ತದೆ ಅಥವಾ ಮಳೆಗಾಲದ ಗಾಳಿಗೆ ವಾಲುತ್ತದೆ.

ಮೂಡುಬಿದಿರೆ ಕಡೆಯ ಗಿಡಗಳು ಮೂರರಲ್ಲಿ ಅತಿ ಸಣ್ಣವು, ಒಂದೂವರೆ ಅಡಿಯೂ ಇರಲಿಲ್ಲ. ಆದರೆ ಪಟ್ಟಿ ಬಿಚ್ಚಿದ್ದರು, ಸೀಳು ಮುಚ್ಚಿತ್ತು, ಎಲೆ ಇಡಿಯಾಗಿ ಬಲಿತಿತ್ತು. ಬಿಡಿಸಿದ ಮಣ್ಣಿನ ಮುದ್ದೆ ಒಡೆಯದೆ ನಿಂತಿತ್ತು, ಸುತ್ತ ಬಿಳಿ ಬೇರಿನ ತುದಿಗಳು ಕಾಣುತ್ತಿದ್ದವು. ಮಣ್ಣು ಪುಡಿಯಾಗಿ ಉದುರಿದರೆ ಬೇರು ಇನ್ನೂ ಹಿಡಿದಿಲ್ಲ. ಮಣ್ಣು ಕಾಣದಷ್ಟು ಕಂದು ಬೇರು ಸುತ್ತಿದ್ದರೆ ಸಮಯ ಮೀರಿದೆ. ಇದು ಎರಡರ ನಡುವೆ ಇತ್ತು.

ಹೋಗಿ ನೋಡದೆ ದುಡ್ಡು ಕಳಿಸಲಿಲ್ಲ. ಫೋಟೊದಲ್ಲಿ ಬರುವುದು ಚಂದದ ಗಿಡ, ಲೋಡಿನಲ್ಲಿ ಬರುವುದು ಸಾಲಿನ ಎಲ್ಲ ಗಿಡ. ಹತ್ತನ್ನೂ ಒಂದೊಂದಾಗಿ ಎತ್ತಿ ತೊಟ್ಟೆಯ ತಳ ನೋಡಿದೆವು. ಎರಡು ಗಿಡದ ಬೇರು ತೊಟ್ಟೆ ತೂತು ಮಾಡಿ ನೆಲಕ್ಕೆ ಇಳಿದಿತ್ತು. ಎತ್ತುವಾಗ ಅದು ಕಡಿದುಹೋಗುತ್ತದೆ, ಮನೆಗೆ ತಂದ ಮೇಲೆ ಗಿಡ ಬಾಡುತ್ತದೆ. ಆ ಎರಡನ್ನು ಬದಲಿಸಿಕೊಂಡೆವು.

ಒಂದು ಮಾತ್ರ ಯಾವ ಫೋಟೊವೂ ಹೇಳುವುದಿಲ್ಲ: ತಳಿ ಯಾವುದು ಎಂದು. ಸಿದ್ದು ಹಲಸು ತುಮಕೂರು ಜಿಲ್ಲೆಯ ಚೇಳೂರಿನ ಒಂದು ಮರದಿಂದ ಬಂದದ್ದು. ಆ ಮರದ ಗುಣ ಇನ್ನೊಂದು ಗಿಡಕ್ಕೆ ಬರಬೇಕಾದರೆ ಕಡ್ಡಿ ಆ ಮರದ್ದೋ ಅದರಿಂದಲೇ ಕಸಿ ಮಾಡಿದ ಗಿಡದ್ದೋ ಆಗಿರಬೇಕು. ಅದು ಎಲೆ ನೋಡಿದರೆ ಗೊತ್ತಾಗದು. ಕಡ್ಡಿ ಎಲ್ಲಿಯದು ಎಂದು ಕೇಳಿ, ಬಿಲ್ಲಿನಲ್ಲಿ ತಳಿಯ ಹೆಸರು ಬರೆಸಿಕೊಳ್ಳಿ. ಸಾಧ್ಯವಾದರೆ ತಾಯಿಮರವನ್ನೇ ನೋಡಿ.

ಗಿಡಗಳು ಈಗ ಚಿಕ್ಕಮ್ಮನ ಗುಡ್ಡೆಯಲ್ಲಿವೆ. ಕಸಿ ಜಾಗ ಮಣ್ಣಿಗೆ ಹೂತುಹೋಗದಂತೆ ಮೇಲೆ ಇಟ್ಟು ನೆಟ್ಟೆವು. ಅದರ ಕೆಳಗೆ ಚಿಗುರು ಬಂದರೆ ಎಳೆಯದಿರುವಾಗಲೇ ಚಿವುಟಬೇಕು ಎಂದು ತೋರಿಸಿಕೊಟ್ಟೆವು. ಮೊನ್ನೆ ಅವರೇ ಒಂದು ಫೋಟೊ ಕಳಿಸಿದರು. ಸೀಳಿದ ಎಳೆ ಎಲೆಯ ಒಂದು ಚಿಗುರು ಅವರ ಅಂಗೈಯಲ್ಲಿತ್ತು. ಕೆಳಗೆ ಬರೆದಿದ್ದರು: "ಈ ಸಲ ತೆಗೆದೆ."

ಹಳೆಯ ಜೋರು ಗಿಡವನ್ನು ಮಾತ್ರ ಕಡಿಯಲು ಅವರು ಒಪ್ಪಲಿಲ್ಲ. ಮೂರು ವರ್ಷ ನೀರು ಹೊತ್ತದ್ದು ಅವರೇ ಅಲ್ಲವೇ?